1 ಕೋಟಿ ಎಂಬೆಡಿಂಗ್, ಎಲ್‌ಎಸ್‌ಎಚ್ ಹಾಕಿದ್ರೆ ಹತ್ತರಲ್ಲಿ ಒಂದೇ ಸರಿಯಾದ್ದು ಸಿಗ್ತಿದೆ. ಗ್ರಾಫ್‌ಗೆ ಹೋಗ್ಬೇಕಾ?

ಅಂಚೆಪೆಟ್ಟಿಗೆ

ಕನ್ನಡ ಸುದ್ದಿ ಬರಹಗಳ ಹಳೇ ಸಂಗ್ರಹ. ಪ್ಯಾರಾ ಪ್ಯಾರಾ ಬಿಡಿಸಿ ಎಂಬೆಡಿಂಗ್ ತೆಗೆದಿದ್ದೀನಿ. ಹತ್ತಿರಹತ್ತಿರ 1 ಕೋಟಿ ವೆಕ್ಟರ್, ಒಂದೊಂದೂ 768 ಆಯಾಮ, float32, ಎಲ್ಲದರ ಉದ್ದ 1ಕ್ಕೆ ನಾರ್ಮಲೈಸ್ ಆಗಿದೆ. ಮೆಷಿನ್‌ನಲ್ಲಿ 32 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ, ಜಿಪಿಯು ಇಲ್ಲ. ಒಂದು ಪ್ರಶ್ನೆ ಕೊಟ್ರೆ ಹತ್ತಿರದ 10 ಪ್ಯಾರಾ 50 ಮಿಲಿಸೆಕೆಂಡ್ ಒಳಗೆ ಬರ್ಬೇಕು.

ಸದ್ಯಕ್ಕೆ ಹಾಕಿರೋದು ರ‍್ಯಾಂಡಮ್ ಹೈಪರ್‌ಪ್ಲೇನ್ ಎಲ್‌ಎಸ್‌ಎಚ್: 20 ಬಿಟ್, 10 ಟೇಬಲ್. ಪೂರ್ತಿ ಸ್ಕ್ಯಾನ್ ಮಾಡಿ ತೆಗೆದ ನಿಜವಾದ ಹತ್ತಕ್ಕೆ ಹೋಲಿಸಿದ್ರೆ ಸರಾಸರಿ ಒಂದೇ ಒಂದು ಸಿಗ್ತಿದೆ, ಅಂದ್ರೆ ರಿಕಾಲ್ 0.1. ಆ ನಿಜವಾದ ಹತ್ತರ ಕೊಸೈನ್ 0.8ರ ಆಸುಪಾಸು ಇದೆ. ಇಷ್ಟಾದ್ರೂ ಒಂದೊಂದು ಪ್ರಶ್ನೆಗೆ 10 ಸಾವಿರದಷ್ಟು ಕ್ಯಾಂಡಿಡೇಟ್ ಬಂದು ಬೀಳ್ತಿವೆ. ಕೋಡ್‌ನಲ್ಲೇ ಎಲ್ಲೋ ಬಗ್ ಇರ್ಬಹುದಾ, ಅಥವಾ ಈ ದಾರಿಯೇ ತಪ್ಪಾ?

ಗಿರಗಿಟ್ಲೆ

ಹ್ಯಾಶ್ ಯಾವುದು ಬಳಸ್ತಿದ್ದೀರಿ? ಎಂಡಿ5 ಆದ್ರೆ ಬಿಡಿ, ಎಸ್‌ಎಚ್‌ಎ-256 ಹಾಕಿ. ಕೊಲಿಷನ್ ಇರಲ್ಲ.

ಬಯಲುಸೀಮೆ

ಗುರೂ, ಇಲ್ಲಿ ಕೊಲಿಷನ್ ಆಗ್ಲಿ ಅಂತಾನೇ ಹ್ಯಾಶ್ ಮಾಡೋದು 😄 ಒಂದೇ ಥರದ ಪ್ಯಾರಾಗಳು ಒಂದೇ ಬಕೆಟ್‌ಗೆ ಬೀಳ್ಬೇಕು.

ಸಾಲುಮರ

ಬಗ್ ಇಲ್ಲ. ನೀವು ಕೊಟ್ಟಿರೋ ಅಂಕಿಗಳಿಗೆ ಬರಬೇಕಾದ ಉತ್ತರವೇ ಬಂದಿದೆ.

ಒಂದು ಹೈಪರ್‌ಪ್ಲೇನ್‌ನ ಒಂದೇ ಕಡೆಗೆ ಎರಡು ವೆಕ್ಟರ್ ಬೀಳೋ ಸಂಭವ `1 − θ/π`. ಕೊಸೈನ್ 0.8 ಅಂದ್ರೆ ಕೋನ ಸುಮಾರು 36.9 ಡಿಗ್ರಿ, ಅಂದ್ರೆ ಒಂದು ಬಿಟ್ ಹೊಂದೋ ಸಂಭವ 0.795. ಕೇಳೋಕೆ ಚೆನ್ನಾಗಿದೆ. ಆದ್ರೆ ಒಂದೇ ಬಕೆಟ್‌ಗೆ ಬರ್ಬೇಕಾದ್ರೆ 20 ಬಿಟ್ಟೂ ಹೊಂದ್ಬೇಕು. 0.795ನ್ನು 20 ಸಲ ಗುಣಿಸಿ ನೋಡಿ, 0.01ಕ್ಕೆ ಇಳಿಯುತ್ತೆ. ಒಂದು ಟೇಬಲ್‌ನಲ್ಲಿ ನಿಜವಾದ ನೆರೆಯವನು ಸಿಗೋ ಅವಕಾಶ ನೂರಕ್ಕೆ ಒಂದು. ಹತ್ತು ಟೇಬಲ್ ಇಟ್ರೆ ನೂರಕ್ಕೆ ಹತ್ತರ ಹತ್ತಿರ. ನಿಮಗೆ ಹತ್ತರಲ್ಲಿ ಒಂದು ಸಿಗ್ತಿರೋದು ಅದಕ್ಕೇ.

ಇದೇ 20 ಬಿಟ್ ಇಟ್ಕೊಂಡು ಶೇ 90 ಮುಟ್ಟಬೇಕಾದ್ರೆ 225ರಷ್ಟು ಟೇಬಲ್ ಬೇಕು. ಒಂದು ಟೇಬಲ್‌ನಲ್ಲಿ 1 ಕೋಟಿ ಐಡಿ, ಐಡಿಗೆ 4 ಬೈಟ್ ಅಂದ್ರೂ 40 ಎಂಬಿ. ವೆಕ್ಟರ್ ಬಿಟ್ಟು ಬರೀ ಟೇಬಲ್‌ಗಳಿಗೇ 9 ಜಿಬಿ.

ಕ್ಯಾಂಡಿಡೇಟ್ ಲೆಕ್ಕದಲ್ಲಿ ಇನ್ನೊಂದು ಸುಳಿವಿದೆ. ವೆಕ್ಟರ್‌ಗಳು ಎಲ್ಲಾ ದಿಕ್ಕಿಗೂ ಹರಡಿಕೊಂಡಿದ್ರೆ 20 ಬಿಟ್‌ಗೆ ಒಂದು ಬಕೆಟ್‌ನಲ್ಲಿ ಸರಾಸರಿ 10 ಇರ್ಬೇಕಿತ್ತು, ಹತ್ತು ಟೇಬಲ್‌ಗೆ ನೂರು. ನಿಮಗೆ 10 ಸಾವಿರ ಬರ್ತಿವೆ. ಅಂದ್ರೆ ಸಂಬಂಧವೇ ಇಲ್ಲದ ಪ್ಯಾರಾಗಳ ನಡುವೆಯೂ ಕೊಸೈನ್ ಸೊನ್ನೆ ಇಲ್ಲ, 0.4ರ ಹತ್ತಿರ ಇರ್ಬೇಕು. ಸಾವಿರ ಜೋಡಿ ಸುಮ್ನೆ ಆರಿಸಿ ಸರಾಸರಿ ತೆಗೆದು ನೋಡಿ.

ಅಂಚೆಪೆಟ್ಟಿಗೆ

ತೆಗೆದೆ ಸಾರ್. 0.41.

ಬಯಲುಸೀಮೆ

ಅಲ್ಲಿಗೆ ಪರಿಹಾರ ಸಿಕ್ತು. ಎಲ್ಲಾ ವೆಕ್ಟರ್‌ಗಳ ಸರಾಸರಿ ತೆಗೆದು ಪ್ರತಿಯೊಂದರಿಂದ ಕಳೆದು, ಆಮೇಲೆ ಹ್ಯಾಶ್ ಮಾಡಿ. ಬಕೆಟ್ ಸಮ ಆಗುತ್ತೆ, ರಿಕಾಲ್ ಸರಿ ಹೋಗುತ್ತೆ. ಗ್ರಾಫೂ ಬೇಡ ಏನೂ ಬೇಡ.

ಸಾಲುಮರ

ಅರ್ಧ ಸರಿ. ಬಕೆಟ್ ಸಮ ಆಗುತ್ತೆ, ರಿಕಾಲ್ ಇನ್ನೂ ಬೀಳುತ್ತೆ.

ಸರಾಸರಿ ಕಳೆದಾಗ ಬೇಡದ ಜೋಡಿಗಳ ಕೊಸೈನ್ 0.4ರಿಂದ ಸೊನ್ನೆಗೆ ಬರುತ್ತೆ, ಒಪ್ಪಿದೆ. ಆದ್ರೆ ಬೇಕಾದ ಜೋಡಿಗಳೂ ಅದೇ ಪಾಲನ್ನು ಕಳ್ಕೊಳ್ತವೆ. 0.8 ಇದ್ದದ್ದು `(0.8 − 0.4) / (1 − 0.4)`, ಅಂದ್ರೆ 0.67ಕ್ಕೆ ಇಳಿಯುತ್ತೆ. ಕೋನ 48 ಡಿಗ್ರಿ, ಬಿಟ್‌ಗೆ 0.73. 20 ಬಿಟ್‌ಗೆ ಸಾವಿರಕ್ಕೆ ಎರಡು! ಹತ್ತು ಟೇಬಲ್ ಇಟ್ರೂ ಶೇ 2.

ಹಾಗಾಗಿ ಸರಾಸರಿ ಕಳೆಯೋದರ ಜೊತೆಗೆ ಬಿಟ್‌ಗಳನ್ನೂ ಇಳಿಸ್ಬೇಕು. 12 ಬಿಟ್‌ಗೆ ಇಳಿಸಿದ್ರೆ ಶೇ 90ಕ್ಕೆ 96 ಟೇಬಲ್ ಸಾಕು. ಆಗ ಪ್ರತಿ ಟೇಬಲ್‌ನಿಂದ 2,400ರಷ್ಟು, ಒಟ್ಟು 2.3 ಲಕ್ಷ ಕ್ಯಾಂಡಿಡೇಟ್ ಬರ್ತವೆ. ಸರಾಸರಿ ಕಳೆಯದೆ ಅದೇ 12 ಬಿಟ್ ಇಟ್ರೆ 35 ಟೇಬಲ್ ಸಾಕು, ಆದ್ರೆ ಕ್ಯಾಂಡಿಡೇಟ್ 14 ಲಕ್ಷ ಬರ್ತವೆ. ಅಂದ್ರೆ ಕಳೆದಿದ್ದಕ್ಕೆ ಆರು ಪಟ್ಟು ಲಾಭ ಇದೆ, ಅದು ನಿಜ. ಆದ್ರೂ 2.3 ಲಕ್ಷ ವೆಕ್ಟರ್ ಅಂದ್ರೆ ಒಂದು ಪ್ರಶ್ನೆಗೆ 700 ಎಂಬಿ ಓದು. 50 ಮಿಲಿಸೆಕೆಂಡ್‌ಗೆ ಆಗೋ ಮಾತಲ್ಲ.

ಜೋಳದರೊಟ್ಟಿ

ಅದಕ್ಕ ನಾ ಹೇಳೂದು, ಎಲ್‌ಎಸ್‌ಎಚ್ ಸತ್ತು ಹೋಗೇತ್ರಿ. 1998ರಾಗ ಇಂಡಿಕ್, ಮೋಟ್ವಾನಿ ಹೇಳಿದ್ದನ್ನ ಇನ್ನೂ ಹಿಡಕೊಂಡು ಕುಂತ್ರ ಹೆಂಗ? ಸೀದಾ ಎಚ್‌ಎನ್‌ಎಸ್‌ಡಬ್ಲ್ಯೂ ಗ್ರಾಫ್ ಹಾಕ್ರಿ, ಮುಗೀತು.

ಕಡಲಕಾಗೆ

ಸತ್ತಿಲ್ಲ ಮಾರಾಯ್ರೆ, ಅದನ್ನು ತಪ್ಪು ಕೆಲಸಕ್ಕೆ ಹಚ್ಚಿದ್ದಾರೆ ಅಷ್ಟೆ. ಮೇಲಿನ ಲೆಕ್ಕಕ್ಕೆ ಕೊಸೈನ್ 0.95 ಹಾಕಿ ನೋಡಿ. ಬಿಟ್‌ಗೆ 0.9, 20 ಬಿಟ್‌ಗೆ ಶೇ 12, ಶೇ 90 ಮುಟ್ಟಲಿಕ್ಕೆ 19 ಟೇಬಲ್ ಸಾಕು. "ಹೆಚ್ಚುಕಡಿಮೆ ಒಂದೇ ಬರಹದ ಎರಡು ಪ್ರತಿ ಹುಡುಕು" ಅನ್ನುವ ಕೆಲಸಕ್ಕೆ ಇದಕ್ಕಿಂತ ಸಲೀಸಾದ್ದು ಇಲ್ಲ. ನಕಲು ತೆಗೆಯಲಿಕ್ಕೆ ಮಿನ್‌ಹ್ಯಾಶ್ ಇವತ್ತಿಗೂ ಓಡ್ತಾ ಇದೆ.

"ಎಷ್ಟೇ ದೂರ ಇರಲಿ, ಇದ್ದವರಲ್ಲಿ ಹತ್ತಿರದ ಹತ್ತು ಕೊಡು" ಅಂದಾಗ ಮಾತ್ರ ಅದು ಕೈ ಕೊಡ್ತದೆ. ಆ ಹತ್ತು ಒಂದು ಪ್ರಶ್ನೆಗೆ 0.9ರಲ್ಲಿ ಇರ್ತವೆ, ಇನ್ನೊಂದಕ್ಕೆ 0.6ರಲ್ಲಿ. ಬಿಟ್ ಎಷ್ಟಿಡಬೇಕು ಅಂತ ಮೊದಲೇ ಒಂದೇ ಅಳತೆಗೆ ಹೊಲಿದಿಟ್ಟರೆ ಎಲ್ಲರ ಮೈಗೂ ಕೂರುವುದಿಲ್ಲ.

ಕಾಡುಬೆಕ್ಕು

ಆದ್ರೆ ಫೈಸ್‌ನಲ್ಲಿ `IndexLSH` ಇದೆಯಲ್ಲ, 768 ಬಿಟ್ ಇಟ್ಟು ಓಡಿಸಿದ್ರೆ ಚೆನ್ನಾಗೇ ಬರುತ್ತೆ. ಟೇಬಲ್ ಗೀಬಲ್ ಏನೂ ಕೇಳಲ್ಲ. ನೀವು ಹೇಳೋ 225 ಟೇಬಲ್ ಎಲ್ಲಿಂದ ಬಂತು ಅಂತ ಅರ್ಥ ಆಗ್ಲಿಲ್ಲ.

ಸಾಲುಮರ

ಹೆಸರು ಒಂದೇ, ಕೆಲಸ ಬೇರೆ. ಫೈಸ್‌ನ `IndexLSH` ಬಕೆಟ್ ಮಾಡೋದೇ ಇಲ್ಲ. ಪ್ರತಿ ವೆಕ್ಟರನ್ನೂ ಬಿಟ್‌ಗಳ ಸಾಲಾಗಿ ಕುಗ್ಗಿಸಿ ಇಟ್ಕೊಂಡು, ಪ್ರಶ್ನೆ ಬಂದಾಗ ಎಲ್ಲದರ ಜೊತೆಗೂ ಎಷ್ಟು ಬಿಟ್ ಬೇರೆ ಅಂತ ಎಣಿಸುತ್ತೆ. ಪೂರ್ತಿ ಸ್ಕ್ಯಾನೇ, ಆದ್ರೆ ಸಣ್ಣ ಕೋಡ್‌ಗಳ ಮೇಲೆ. 768 ಬಿಟ್ ಅಂದ್ರೆ 96 ಬೈಟ್, 1 ಕೋಟಿಗೆ 960 ಎಂಬಿ. ಸೆಕೆಂಡಿಗೆ 10 ಜಿಬಿ ಓದೋ ಕೋರ್ ಒಂದಕ್ಕೆ 0.1 ಸೆಕೆಂಡ್, ನಾಲ್ಕು ಕೋರ್‌ಗೆ ಹಂಚಿದ್ರೆ ಅದಕ್ಕಿಂತ ಕಮ್ಮಿ. ಮೇಲಿನ ಸಾವಿರ ತಗೊಂಡು ನಿಜವಾದ ವೆಕ್ಟರ್‌ನಲ್ಲಿ ಮತ್ತೆ ಸಾಲು ಹಚ್ಚಿದ್ರೆ ಒಳ್ಳೇ ಫಲಿತಾಂಶವೇ ಬರುತ್ತೆ. ಅಂಚೆಪೆಟ್ಟಿಗೆಯವರಿಗೆ ಇದೂ ಒಂದು ದಾರಿ. ದಿನಕ್ಕೆ ಕೆಲವೇ ಸಾವಿರ ಪ್ರಶ್ನೆ ಇದ್ರೆ ನಾನು ಇದನ್ನೇ ಮೊದಲು ಮಾಡ್ತೀನಿ.

ಜೋಳದರೊಟ್ಟಿ

ಮತ್ತ ಅದೇ ಸ್ಕ್ಯಾನ್! ಇವತ್ತು 1 ಕೋಟಿ, ನಾಳೆ 10 ಕೋಟಿ ಆದ್ರ ಹತ್ತು ಪಟ್ಟು ಹೊತ್ತು ಹಿಡೀತದ. ಗ್ರಾಫ್ ಹಂಗಲ್ಲ, ಸಂಖ್ಯೆ ಹತ್ತು ಪಟ್ಟು ಆದ್ರೂ ಹೆಜ್ಜಿ ಸ್ವಲ್ಪ ಹೆಚ್ಚು ಆಗ್ತಾವ ಅಷ್ಟ. ಪ್ರತಿ ವೆಕ್ಟರ್‌ಗೂ ಹತ್ತಿರದವರ ಪಟ್ಟಿ ಇರ್ತದ, ಕಮ್ಮಿ ವೆಕ್ಟರ್ ಇರೂ ಮ್ಯಾಲಿನ ಪದರದಿಂದ ಇಳಕೋತ, ಪ್ರಶ್ನೆಗೆ ಹತ್ತಿರ ಇದ್ದವರ ಕಡೆ ಜಿಗಕೋತ ಬರೂದು. `M=16`, `ef=100` ಇಡ್ರಿ, ರಿಕಾಲ್ 0.95 ಮ್ಯಾಲೆ ಬರದಿದ್ರ ಕೇಳ್ರಿ.

ಕಡಲಕಾಗೆ

ಅವರ ಹತ್ತಿರ ಇರುವುದು 32 ಜಿಬಿ ಮಾತ್ರ. 1 ಕೋಟಿ × 768 × 4 = 30.7 ಜಿಬಿ ವೆಕ್ಟರೇ ಆಯ್ತು. ಗ್ರಾಫ್ ಎಲ್ಲಿ ಇಡುವುದು, ತಲೆ ಮೇಲಾ?

ಜೋಳದರೊಟ್ಟಿ

ಎಂಮ್ಯಾಪ್ ಮಾಡ್ರಿ, ಓಎಸ್ ನೋಡಕೋತದ.

ಸಾಲುಮರ

ಅದನ್ನ ಮಾತ್ರ ಮಾಡ್ಬೇಡಿ. ಗ್ರಾಫ್ ಹುಡುಕಾಟದಲ್ಲಿ ಒಂದು ಪ್ರಶ್ನೆಗೆ ಸಾವಿರ, ಎರಡು ಸಾವಿರ ವೆಕ್ಟರ್‌ಗಳ ದೂರ ಅಳೆಯೋದು ಮಾಮೂಲು. ಅವು ಫೈಲ್‌ನಲ್ಲಿ ಎಲ್ಲೆಲ್ಲೋ ಚೆದುರಿರ್ತವೆ. ರ‍್ಯಾಮ್‌ನಲ್ಲಿ ಇಲ್ಲದಿದ್ರೆ ಒಂದೊಂದಕ್ಕೂ ಎಸ್‌ಎಸ್‌ಡಿಗೆ ಹೋಗಿ ಬರ್ಬೇಕು. ಒಂದು ಓದಿಗೆ 100 ಮೈಕ್ರೋಸೆಕೆಂಡ್ ಅಂದ್ರೆ ಎರಡು ಸಾವಿರಕ್ಕೆ 0.2 ಸೆಕೆಂಡ್. ಮುಂದಿನ ಹೆಜ್ಜೆ ಎಲ್ಲಿಗೆ ಅಂತ ಗೊತ್ತಾಗೋದು ಈ ಹೆಜ್ಜೆಯ ದೂರ ಅಳೆದ ಮೇಲೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಓದಿಸೋಕೂ ಆಗಲ್ಲ. ಗುರುತಿಸೋದು ಸುಲಭ: ಸಿಪಿಯು ಖಾಲಿ ಕೂತಿರುತ್ತೆ, `iostat`ನಲ್ಲಿ ಓದು ಮಾತ್ರ ಏರಿರುತ್ತೆ.

ನಿಮ್ಮ ಮೆಷಿನ್‌ಗೆ ಹೊಂದೋದು 8 ಬಿಟ್‌ಗೆ ಕುಗ್ಗಿಸಿದ ವೆಕ್ಟರ್ ಮೇಲೆ ಎಚ್‌ಎನ್‌ಎಸ್‌ಡಬ್ಲ್ಯೂ. ಆಯಾಮಕ್ಕೆ ಒಂದು ಬೈಟ್, ಒಟ್ಟು 7.7 ಜಿಬಿ. `M` 32 ಇಟ್ರೆ ಕೆಳಪದರದಲ್ಲಿ ಪ್ರತಿ ವೆಕ್ಟರ್‌ಗೆ ಅದರ ಎರಡರಷ್ಟು, 64 ಕೊಂಡಿ. ಕೊಂಡಿಗೆ 4 ಬೈಟ್, 256 ಬೈಟ್, 1 ಕೋಟಿಗೆ 2.6 ಜಿಬಿ. ಮೇಲಿನ ಪದರಗಳಿಗೆ ಹೋಗೋದು 32ರಲ್ಲಿ ಒಂದು ಪಾಲು ಮಾತ್ರ, ಅದು ಲೆಕ್ಕಕ್ಕಿಲ್ಲ. ಒಟ್ಟು 10–11 ಜಿಬಿ, ಆರಾಮ.

```python
index = faiss.IndexHNSWSQ(768, faiss.ScalarQuantizer.QT_8bit, 32)
index.hnsw.efConstruction = 200
index.train(sample)      # ಸುಮ್ನೆ ಆರಿಸಿದ 1 ಲಕ್ಷ ವೆಕ್ಟರ್ ಸಾಕು
index.add(x)             # ತುಂಡು ತುಂಡಾಗಿ ಹಾಕಿ
index.hnsw.efSearch = 128
D, I = index.search(q, 50)
```

ಇಲ್ಲಿ ಡಿಫಾಲ್ಟ್ ಅಳತೆ ಎಲ್2. ನಿಮ್ಮವು ನಾರ್ಮಲೈಸ್ ಆಗಿರೋದ್ರಿಂದ ಕೊಸೈನ್ ಕೊಡೋ ಸಾಲೇ ಬರುತ್ತೆ. ಪ್ರಶ್ನೆಯ ವೆಕ್ಟರನ್ನೂ ನಾರ್ಮಲೈಸ್ ಮಾಡಿ. 50 ಕೇಳಿ, ಆ 50ರ ಮೂಲ float32ನ್ನ ಡಿಸ್ಕ್‌ನಿಂದ ಓದಿ, ನಿಖರವಾಗಿ ಅಳೆದು 10 ಇಟ್ಕೊಳ್ಳಿ. 50 ಓದು ಅಂದ್ರೆ 5 ಮಿಲಿಸೆಕೆಂಡ್ ಆಸುಪಾಸು. ಎಂಮ್ಯಾಪ್ ಬೇಕಿದ್ರೆ ಈ ಜಾಗದಲ್ಲಿ ಬಳಸಿ.

ನೀಲಿಶಾಯಿ

ಡಿಸ್ಕ್ ಮೇಲೇ ಗ್ರಾಫ್ ಇಡೋ ದಾರಿಯೂ ಇದೆ, ಆದ್ರೆ ಅದಕ್ಕೆ ಫೈಲ್‌ನ ಜೋಡಣೆಯೇ ಬೇರೆ ಬೇಕು. 2019ರ ಡಿಸ್ಕ್‌ಎಎನ್‌ಎನ್ ಅದನ್ನೇ ಮಾಡ್ತು, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಕೆಲಸ. ದಾರಿ ತೋರ್ಸೋಕೆ ಬೇಕಾದ ಕುಗ್ಗಿಸಿದ ಕೋಡ್ ರ‍್ಯಾಮ್‌ನಲ್ಲಿ. ಪೂರ್ತಿ ವೆಕ್ಟರೂ ಅದರ ಕೊಂಡಿಗಳ ಪಟ್ಟಿಯೂ ಡಿಸ್ಕ್‌ನಲ್ಲಿ ಪಕ್ಕಪಕ್ಕ. ಒಂದು ಓದಿಗೆ ಎರಡೂ ಕೈಗೆ ಬರ್ತವೆ. 64 ಜಿಬಿ ರ‍್ಯಾಮ್ ಇರೋ ಒಂದೇ ಮೆಷಿನ್‌ನಲ್ಲಿ 100 ಕೋಟಿ ವೆಕ್ಟರ್ ಓಡಿಸಿ ತೋರ್ಸಿದ್ರು. ಅಂಚೆಪೆಟ್ಟಿಗೆಯವರ 1 ಕೋಟಿಗೆ ಅದು ಅತಿ ಆಯ್ತು.

ಅಂಚೆಪೆಟ್ಟಿಗೆ

ಇಂಡೆಕ್ಸ್ ಕಟ್ಟಿದೆ, ರಾತ್ರಿ ಪೂರ್ತಿ ತಗೊಳ್ತು. ರಿಕಾಲ್ ಎಷ್ಟೋ ಮೇಲೆ ಬಂದಿದೆ, ಆದ್ರೆ 0.9ರ ಹತ್ತಿರ ನಿಂತುಬಿಟ್ಟಿದೆ. `efSearch` 128ರಿಂದ 256, 512 ಮಾಡಿದ್ರೂ ಅಲುಗಾಡ್ತಿಲ್ಲ. ಹೊತ್ತು ಮಾತ್ರ ಜಾಸ್ತಿ ಆಗ್ತಿದೆ. 8 ಬಿಟ್ ಮಾಡಿದ್ದಕ್ಕಾ?

ಬಯಲುಸೀಮೆ

ಹೌದು, ಕ್ವಾಂಟೈಸೇಷನ್ ನಷ್ಟ ಅದು. float16ಗೆ ಹೋಗಿ, 15.4 ಜಿಬಿ ಆಗುತ್ತೆ, ಹಿಡಿಸುತ್ತೆ.

ಸಾಲುಮರ

ಊಹೆ ಮಾಡೋದಕ್ಕಿಂತ ಬಿಡಿಸಿ ನೋಡಿ. ನಿಜವಾದ ಹತ್ತೂ 8 ಬಿಟ್ ವೆಕ್ಟರ್‌ಗಳ ಪೂರ್ತಿ ಸ್ಕ್ಯಾನ್‌ನಲ್ಲಿ ಮೇಲಿನ 50ರೊಳಗೆ ಇವೆಯಾ? `IndexScalarQuantizer` ಹಾಕಿ, ಗ್ರಾಫ್ ಇಲ್ಲದೆ, 200 ಪ್ರಶ್ನೆಗೆ ಓಡಿಸಿ. ಅಲ್ಲೂ ಕಾಣೆಯಾದ್ರೆ ಕ್ವಾಂಟೈಸೇಷನ್ ತಪ್ಪು. ಅಲ್ಲಿ ಇದ್ದು ಗ್ರಾಫ್‌ನಲ್ಲಿ ಮಾತ್ರ ಇಲ್ಲ ಅಂದ್ರೆ ತಪ್ಪು ಗ್ರಾಫ್‌ದು. 50 ಕೇಳಿ ಮರುಸಾಲು ಹಚ್ಚೋವಾಗ 8 ಬಿಟ್ ಇಷ್ಟು ನುಂಗೋದು ಅನುಮಾನ.

`efSearch` ಏರಿಸಿದ್ರೂ ಗೆರೆ ಮೇಲೇಳದಿದ್ರೆ ನನಗೆ ಮೊದಲ ಸಂಶಯ ನಕಲುಗಳ ಮೇಲೆ. ಸುದ್ದಿ ಸಂಗ್ರಹ ಅಂದ್ರಿ. ಏಜೆನ್ಸಿ ಸುದ್ದಿ ಅಕ್ಷರಶಃ ಹತ್ತು ಕಡೆ ಬಂದಿರುತ್ತೆ. ಅದರ ಜೊತೆಗೆ "ಇದನ್ನೂ ಓದಿ" ಥರದ ಸಾಲುಗಳು, ಹವಾಮಾನ ಪಟ್ಟಿಯ ತಲೆಬರಹ, ಇಂಥವು ಸಾವಿರಗಟ್ಟಲೆ.

ಕಡಲಕಾಗೆ

ಇದನ್ನು ಸ್ವಲ್ಪ ಬಿಡಿಸ್ತೇನೆ, ಇದೇ ಹೆಚ್ಚು ಜನ ಎಡವುವ ಜಾಗ. ಒಂದೇ ಪ್ಯಾರಾದ 500 ಪ್ರತಿ ಇದೆ ಅಂತ ಇಟ್ಟುಕೊಳ್ಳಿ. ಒಂದೊಂದು ಪ್ರತಿಗೂ ಉಳಿದ ಪ್ರತಿಗಳು ಸೊನ್ನೆ ದೂರದಲ್ಲಿ. 64 ಕೊಂಡಿಯ ಜಾಗವನ್ನು ಅವೇ ತುಂಬಿಕೊಳ್ತವೆ. ಕೊಂಡಿಗಳಲ್ಲಿ ವೈವಿಧ್ಯ ಇರಲಿ ಅಂತ ಒಂದು ನಿಯಮ ಇದೆ: ಈಗಾಗಲೇ ಆರಿಸಿದ ಕೊಂಡಿಗೆ ಹೆಚ್ಚು ಹತ್ತಿರ ಇರುವವನನ್ನು ಬಿಟ್ಟುಬಿಡು ಅಂತ. ಆದ್ರೆ ಎರಡೂ ದೂರ ಸೊನ್ನೆ ಆದಾಗ "ಹೆಚ್ಚು ಹತ್ತಿರ" ಅನ್ನುವುದೇ ಇಲ್ಲ. hnswlib ಕೋಡಿನಲ್ಲಿ ಹೋಲಿಕೆ `<` ಮಾತ್ರ, ಸಮ ಇದ್ದರೆ ಒಳಗೆ ಬಿಡ್ತದೆ. ಕೊನೆಗೆ ಆ 500 ಒಬ್ಬರಿಗೊಬ್ಬರು ಕೈ ಹಿಡಿದುಕೊಂಡು ದ್ವೀಪ ಆಗ್ತಾರೆ. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ದಾರಿ ಇಲ್ಲ. `efSearch` ಎಷ್ಟು ಏರಿಸಿದರೂ ಇಲ್ಲದ ದಾರಿಯಲ್ಲಿ ಹೋಗುವುದು ಹೇಗೆ?

ಪರೀಕ್ಷೆ ಹೀಗೆ: ಇಂಡೆಕ್ಸ್‌ನಲ್ಲೇ ಇರುವ 1 ಲಕ್ಷ ವೆಕ್ಟರ್‌ಗಳನ್ನು ಪ್ರಶ್ನೆಯಾಗಿ ಕೊಟ್ಟು ಒಂದೇ ಉತ್ತರ ಕೇಳಿ. ತನ್ನನ್ನೇ ಅಥವಾ ತನ್ನ ಪ್ರತಿಯನ್ನೇ ಕಂಡುಹಿಡಿಯಲಾಗದ್ದು ಎಷ್ಟಿವೆ ಅಂತ ಎಣಿಸಿ. ಅವು ದಾರಿ ಇಲ್ಲದವು.

ಗಿರಗಿಟ್ಲೆ

ಅಂದ್ರೆ ಪ್ಯಾರಾದ ಪಠ್ಯಕ್ಕೆ ಎಸ್‌ಎಚ್‌ಎ-256 ಹಾಕಿ ಒಂದೇ ಇರೋದನ್ನ ಒಂದೇ ಸಲ ಸೇರ್ಸಿದ್ರೆ ಆಯ್ತು ತಾನೆ? 🙂

ಕಡಲಕಾಗೆ

ಈಗ ಮಾತ್ರ ಸರಿಯಾದ ಜಾಗದಲ್ಲಿ ಹೇಳಿದ್ರಿ! ಹೌದು. ಖಾಲಿ ಜಾಗ, ಯೂನಿಕೋಡ್ ರೂಪ ಸರಿ ಮಾಡಿ ಆಮೇಲೆ ಹ್ಯಾಶ್ ಹಾಕಿ. ಅದೃಶ್ಯವಾಗಿ ಕೂತಿರುವ ಝಡ್‌ಡಬ್ಲ್ಯೂಎನ್‌ಜೆ ಅಕ್ಷರ ಒಂದೇ ಪದವನ್ನು ಎರಡು ಮಾಡಿಬಿಡ್ತದೆ, ಕನ್ನಡದಲ್ಲಿ ಇದು ಮಾಮೂಲು. ಒಂದು ವೆಕ್ಟರ್, ಅದಕ್ಕೆ ಐಡಿಗಳ ಪಟ್ಟಿ ಪಕ್ಕದಲ್ಲಿ.

ನೀಲಿಶಾಯಿ

ಝಡ್‌ಡಬ್ಲ್ಯೂಎನ್‌ಜೆ: ರಾಜ್‌ಕುಮಾರ್ ಅಂತ ಬರೆಯೋವಾಗ ಜ್ ಮತ್ತು ಕು ಅಂಟಿಕೊಳ್ಳದ ಹಾಗೆ ನಡುವೆ ಹಾಕೋದು. ಕೆಲವು ಕೀಬೋರ್ಡ್ ಪದದ ಕೊನೆಗೂ ಸುಮ್ನೆ ತುರುಕ್ತವೆ. ಹೆಸರು ಸರಿಯಾಗಿ `ZWNJ`, ಕೋಡ್ `U+200C`. ಹ್ಯಾಶ್ ಹಾಕೋ ಪ್ರತಿಯಲ್ಲಿ ಮಾತ್ರ ತೆಗೀರಿ, ತೋರ್ಸೋ ಪ್ರತಿಯಲ್ಲಿ ಬೇಡ.

ಮೊಗ್ಗು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮಲ್ಲಿ ಪೋಸ್ಟ್‌ಗ್ರೆಸ್, ಪಿಜಿವೆಕ್ಟರ್, 50 ಸಾವಿರ ಸಾಲು. `LIMIT 100` ಅಂದ್ರೂ 40 ಸಾಲೇ ಬರ್ತವೆ. ಜಿಲ್ಲೆ ಹಾಕಿ `WHERE` ಕೊಟ್ರೆ ಕೆಲವು ಸಲ ಎರಡೇ ಬರುತ್ತೆ. ಇದೂ ನಕಲಿನ ತೊಂದರೆನಾ?

ಸಾಲುಮರ

ಅಲ್ಲ. ಪಿಜಿವೆಕ್ಟರ್‌ನಲ್ಲಿ `hnsw.ef_search` ಡಿಫಾಲ್ಟ್ 40. ಗ್ರಾಫ್ ಕೈಗೆ ಕೊಡೋದೇ 40, `WHERE` ಅದರ ಮೇಲೆ ಜರಡಿ ಹಿಡಿಯುತ್ತೆ. ಜಿಲ್ಲೆ ಇಪ್ಪತ್ತರಲ್ಲಿ ಒಂದು ಪಾಲು ಅಂದ್ರೆ ಎರಡು ಉಳಿತವೆ. 0.8 ಆವೃತ್ತಿ ಆಗಿದ್ರೆ ಹೀಗೆ:

```sql
SET hnsw.ef_search = 200;
SET hnsw.iterative_scan = strict_order;
```

ಆದ್ರೆ 50 ಸಾವಿರಕ್ಕೆ ಇಂಡೆಕ್ಸ್ ಯಾಕೆ? 768 ಆಯಾಮ ಅಂದ್ರೂ 154 ಎಂಬಿ. ಇಂಡೆಕ್ಸ್ ತೆಗೆದುಹಾಕಿ, ಪೂರ್ತಿ ಸ್ಕ್ಯಾನ್ ಬಿಡಿ, ರಿಕಾಲ್ 1.0.

ಅಂಚೆಪೆಟ್ಟಿಗೆ

ನಕಲೇ ಆಗಿತ್ತು. ಸ್ಕೇಲರ್ ಕ್ವಾಂಟೈಜರ್ ಸ್ಕ್ಯಾನ್‌ನಲ್ಲಿ ಎಲ್ಲಾ ಸಿಗ್ತಿದ್ವು, ಗ್ರಾಫ್‌ನಲ್ಲಿ ಮಾತ್ರ ಇಲ್ಲ. ಪಠ್ಯದ ಹ್ಯಾಶ್‌ನಿಂದ ತೆಗೆದು ಮತ್ತೆ ಕಟ್ತಿದ್ದೀನಿ. ಅಕ್ಷರ ಎರಡು ಬದಲಾದ ಪ್ರತಿಗಳಿಗೆ ಕಡಲಕಾಗೆಯವರು ಹೇಳಿದ 20 ಬಿಟ್, 19 ಟೇಬಲ್ ಸಾಕಾ, ಅಥವಾ ಮಿನ್‌ಹ್ಯಾಶಾ?

ಕಡಲಕಾಗೆ

ಪದ ಒಂದೆರಡು ಬದಲು ಅಂದ್ರೆ ಮಿನ್‌ಹ್ಯಾಶ್. ಎಂಬೆಡಿಂಗ್‌ನಲ್ಲಿ 0.95 ಮೀರಿದ ಜೋಡಿಯಲ್ಲಿ "ಬೆಳಗಾವಿಯಲ್ಲಿ ಮಳೆ", "ಧಾರವಾಡದಲ್ಲಿ ಮಳೆ" ಎರಡೂ ಸೇರಿಕೊಂಡೀತು. ಅವು ನಕಲು ಅಲ್ಲವಲ್ಲ.

ಜೋಳದರೊಟ್ಟಿ

ಧಾರವಾಡಕ್ಕ ಮಳಿ ಬಂದ್ರ ಅದು ಬ್ಯಾರೆ ಸುದ್ದೀನ ಬಿಡ್ರಿ 😀

ಅಂಚೆಪೆಟ್ಟಿಗೆ

ಕೊನೇ ಪ್ರಶ್ನೆ. ದಿನಾ ಕೆಲವು ಪ್ಯಾರಾ ಅಳಿಸ್ಬೇಕು. ಫೈಸ್‌ನ ಎಚ್‌ಎನ್‌ಎಸ್‌ಡಬ್ಲ್ಯೂನಲ್ಲಿ `remove_ids` ಕೊಟ್ರೆ ತಪ್ಪು ಅಂತ ಎಸೀತಿದೆ.

ಸಾಲುಮರ

ಅದರಲ್ಲಿ ಅಳಿಸೋಕೆ ಬರಲ್ಲ. ನಡುವಿನ ಒಂದು ವೆಕ್ಟರ್ ಕಿತ್ರೆ ಅದರ ಮೂಲಕ ಹೋಗ್ತಿದ್ದ ದಾರಿಗಳೆಲ್ಲ ಕಡಿದು ಹೋಗ್ತವೆ, ಅದಕ್ಕೇ. ಅಳಿಸಿದ ಐಡಿಗಳ ಪಟ್ಟಿ ಪಕ್ಕದಲ್ಲಿಟ್ಟು, 50ರ ಬದಲು 60 ಕೇಳಿ, ಉತ್ತರದಿಂದ ತೆಗೆದುಹಾಕಿ. ಪಟ್ಟಿ ಬೆಳೆದಾಗ ಹೊಸದಾಗಿ ಕಟ್ಟಿ.

ಬಯಲುಸೀಮೆ

hnswlibನಲ್ಲಿ `mark_deleted` ಇದೆ, ಆ ಜಾಗಕ್ಕೇ ಹೊಸದು ಹಾಕೋಕೆ `replace_deleted` ಕೂಡ. ಮತ್ತೆ ಕಟ್ಟೋ ಗೋಜೇ ಇಲ್ಲ.

ಸಾಲುಮರ

ಇದೆ. ಆದ್ರೆ ಆಗ 8 ಬಿಟ್ ಸಿಗಲ್ಲ, 30 ಜಿಬಿಗೆ ವಾಪಸ್. ಮತ್ತೆ ಮತ್ತೆ ಜಾಗ ಬದಲಿಸಿದ ಗ್ರಾಫ್ ಹೊಸದಾಗಿ ಕಟ್ಟಿದ್ದರಷ್ಟೇ ಚೆನ್ನಾಗಿರುತ್ತೆ ಅನ್ನೋದನ್ನ ನಾನು ಒಪ್ಪಲ್ಲ.

ಬಯಲುಸೀಮೆ

ಒಪ್ಪಬೇಡಿ. ಇಂಡೆಕ್ಸ್‌ನಲ್ಲಿ ಇಲ್ಲದ ಸಾವಿರ ಪ್ರಶ್ನೆ ಎತ್ತಿಟ್ಟು ವಾರಕ್ಕೊಂದು ಸಲ ಪೂರ್ತಿ ಸ್ಕ್ಯಾನ್ ಜೊತೆ ಹೋಲಿಸಲಿ. ರಿಕಾಲ್ ಇಳಿದ್ರೆ ನಿಮ್ಮ ಮಾತು, ಇಳಿಯದಿದ್ರೆ ನನ್ನದು.